ಕೆಫೆಯ ವೆಬ್‌ಸೈಟ್: ಕಟ್ಟುವ ಮೊದಲು ಐವರ ಕೈಗೆ

ಕೆಫೆಯ ಆರ್ಡರ್ ವೆಬ್‌ಸೈಟಿನ ಪ್ರೊಟೊಟೈಪ್ ಎಂದರೆ ಮುಟ್ಟಿದರೆ ಮುಂದಕ್ಕೆ ಹೋಗುವ ಚಿತ್ರಗಳ ಸರಣಿ. ಮೆನು, ಕಾರ್ಟ್, ಹಣ ಪಾವತಿ, ಟೋಕನ್ ಎಂದು ಒಂದೊಂದು ಸ್ಕ್ರೀನನ್ನೂ ಫಿಗ್ಮಾದಂಥ ವಿನ್ಯಾಸದ ತಂತ್ರಾಂಶದಲ್ಲಿ ರಚಿಸಿ, ಈ ಬಟನ್ ಒತ್ತಿದರೆ ಆ ಸ್ಕ್ರೀನ್ ಬರಬೇಕು ಎಂದು ಒಂದಕ್ಕೊಂದು ಜೋಡಿಸಿರುತ್ತಾರೆ. ಅದರ ಹಿಂದೆ ಡೇಟಾಬೇಸ್ ಇರುವುದಿಲ್ಲ, ಖಾತೆಯಿಂದ ಹಣ ಹೋಗುವುದಿಲ್ಲ, ಅಡುಗೆಮನೆಗೆ ಚೀಟಿ ತಲುಪುವುದಿಲ್ಲ. ಆದರೂ ಫೋನಿನಲ್ಲಿ ತೆರೆದು ಕೈಗೆ ಕೊಟ್ಟರೆ ಗಿರಾಕಿ ಅದನ್ನು ನಿಜವಾದ ಸೈಟಿನಂತೆಯೇ ಬಳಸತೊಡಗುತ್ತಾನೆ. ಎಲ್ಲಿ ಅವನ ಬೆರಳು ನಿಲ್ಲುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂದು ಸೈಟ್ ಕಟ್ಟುವ ಮೊದಲೇ ನೋಡಿಕೊಳ್ಳುವುದು ಈ ಪರೀಕ್ಷೆಯ ಉದ್ದೇಶ.

ಮೈಸೂರಿನ ಒಂದು ಸಣ್ಣ ಕೆಫೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಬೆಳಗ್ಗೆ, ಸಂಜೆ ಕೌಂಟರಿನ ಮುಂದೆ ಸಾಲು. ನಡುನಡುವೆ ಪಾರ್ಸೆಲ್‌ಗಾಗಿ ಫೋನ್. ಗಿರಾಕಿಗಳು ಮೊದಲೇ ಆರ್ಡರ್ ಮಾಡಿ, ಬಂದ ಕೂಡಲೇ ತೆಗೆದುಕೊಂಡು ಹೋಗುವಂತಾಗಲಿ ಎಂಬುದು ಮಾಲೀಕರ ಆಸೆ. ವಿನ್ಯಾಸಕಾರರು ಆರು ಸ್ಕ್ರೀನುಗಳನ್ನು ತಯಾರಿಸಿದ್ದಾರೆ: ಮೊಬೈಲ್ ನಂಬರ್ ಕೊಟ್ಟು ಒಳಹೋಗುವುದು, ಮೆನು, ತಿಂಡಿಯ ವಿವರ, ಕಾರ್ಟ್, ಪಾವತಿ, ಆರ್ಡರ್ ಆಯಿತು ಎಂಬ ಸೂಚನೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ.

ಇದನ್ನು ಪರೀಕ್ಷಿಸಲು ಐದೇ ಜನ ಹೇಗೆ ಸಾಕು? ಬಳಕೆಯ ಅಧ್ಯಯನದಲ್ಲಿ ಹೆಸರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಹಲವು ಪರೀಕ್ಷೆಗಳ ಫಲಿತಾಂಶ ಸೇರಿಸಿ ಲೆಕ್ಕ ಹಾಕಿದರು. ಒಂದು ವಿನ್ಯಾಸದಲ್ಲಿರುವ ತೊಡಕುಗಳಲ್ಲಿ ಸರಾಸರಿ 31 ಶೇಕಡಾದಷ್ಟು ಒಬ್ಬನೇ ಬಳಕೆದಾರನಿಂದ ಹೊರಬೀಳುತ್ತವೆ ಎಂದು ಅವರಿಗೆ ಕಂಡಿತು. ಎರಡನೆಯವನು ಅವುಗಳಲ್ಲಿ ಕೆಲವನ್ನು ಮತ್ತೆ ಎಡವುತ್ತಾನೆ, ಹೊಸದಾಗಿ ಕೆಲವನ್ನು ತೋರಿಸುತ್ತಾನೆ. ಹೀಗೆ ಲೆಕ್ಕ ಮುಂದುವರಿಸಿದರೆ ಐದನೆಯವನ ಹೊತ್ತಿಗೆ ಸುಮಾರು 85 ಶೇಕಡಾ ತೊಡಕುಗಳು ಕಣ್ಣಿಗೆ ಬಿದ್ದಿರುತ್ತವೆ. ಆರನೆಯವನು, ಏಳನೆಯವನು ಬಹುಪಾಲು ಕಂಡದ್ದನ್ನೇ ಮತ್ತೆ ಕಾಣಿಸುತ್ತಾರೆ. ಅದಕ್ಕೇ ಹದಿನೈದು ಜನರನ್ನು ಒಂದೇ ಸಲ ಕೂರಿಸುವುದಕ್ಕಿಂತ ಐದೈದು ಜನರಂತೆ ಮೂರು ಸಲ ಪರೀಕ್ಷಿಸಿ, ನಡುವೆ ತಿದ್ದಿಕೊಳ್ಳುವುದು ಮೇಲು ಎಂಬುದು ನೀಲ್ಸನ್ ಅವರ ಸಲಹೆ.

ಈ 31 ಎಂಬುದು ಸರಾಸರಿ ಎನ್ನುವುದನ್ನು ಮರೆಯುವಂತಿಲ್ಲ. ಮೂವರಲ್ಲಿ ಒಬ್ಬರು ಎಡವುವಂಥ ತೊಡಕು ಐವರಲ್ಲಿ ಯಾರಿಗಾದರೂ ಎದುರಾಗುವುದು ಬಹುಮಟ್ಟಿಗೆ ಖಂಡಿತ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಕಾಡುವ ತೊಡಕು ಐವರ ಪರೀಕ್ಷೆಯಲ್ಲಿ ಒಮ್ಮೆಯಾದರೂ ತಲೆಹಾಕುವ ಸಾಧ್ಯತೆ 41 ಶೇಕಡಾ ಅಷ್ಟೇ. ಹಾಗಾಗಿ ಐವರ ಪರೀಕ್ಷೆ ಹಿಡಿಯುವುದು ಹೆಚ್ಚು ಜನ ಎಡವುವ ದೊಡ್ಡ ಕಲ್ಲುಗಳನ್ನು. ಅಪರೂಪದ ತೊಡಕುಗಳು ಅದರ ಕಣ್ಣು ತಪ್ಪಿಸಿಕೊಳ್ಳಬಹುದು.

ಐವರು ಯಾರು ಎಂಬುದು ಎಷ್ಟು ಜನ ಎಂಬುದಕ್ಕಿಂತ ಮುಖ್ಯ. ಕೆಫೆಯ ಸಿಬ್ಬಂದಿ, ಮಾಲೀಕರ ನೆಂಟರು, ವಿನ್ಯಾಸಕಾರರ ಗೆಳೆಯರು ಇದಕ್ಕೆ ಆಗುವುದಿಲ್ಲ. ಸಿಬ್ಬಂದಿಗೆ ಮೆನು ಬಾಯಿಪಾಠ, ಗೆಳೆಯರಿಗೆ ಫೋನು ಕರಗತ, ನೆಂಟರಿಗೆ ದಾಕ್ಷಿಣ್ಯ. ಕೌಂಟರಿನಲ್ಲಿ ನಿಂತು, ವಾರಕ್ಕೆರಡು ಸಲವಾದರೂ ಪಾರ್ಸೆಲ್ ಒಯ್ಯುವವರನ್ನೇ ಕೇಳಬೇಕು. ಈ ಕೆಫೆಗೆ ಆರಿಸಿದವರು ಹೀಗಿರಬಹುದು: ಬೆಳಗ್ಗೆ ಕಚೇರಿಗೆ ಹೋಗುತ್ತಾ ಇಡ್ಲಿ ಕಟ್ಟಿಸಿಕೊಳ್ಳುವ ಉದ್ಯೋಗಿ, ವಾಕಿಂಗ್ ಮುಗಿಸಿ ಬರುವ ನಿವೃತ್ತ ಮೇಷ್ಟ್ರು, ಕಾಲೇಜು ವಿದ್ಯಾರ್ಥಿ, ಸಂಜೆ ಫೋನ್ ಮಾಡಿ ಹೇಳಿಡುವ ಗೃಹಿಣಿ, ಪಕ್ಕದ ಅಂಗಡಿಯಿಂದ ಐದಾರು ಕಾಫಿ ಒಟ್ಟಿಗೆ ತರಿಸುವ ವ್ಯಾಪಾರಿ. ಒಬ್ಬೊಬ್ಬರಿಗೂ ಅರ್ಧ ಗಂಟೆ ಸಾಕು. ತೆಗೆದುಕೊಂಡ ಸಮಯಕ್ಕೆ ಪ್ರತಿಯಾಗಿ ತಿಂಡಿ, ಕಾಫಿಯ ಕೂಪನ್ ಕೊಡುವುದು ರೂಢಿ.

ಕೊಡುವ ಕೆಲಸವನ್ನು ಹೇಗೆ ಹೇಳಬೇಕು ಎಂಬುದರಲ್ಲಿ ಅರ್ಧ ಪರೀಕ್ಷೆ ಅಡಗಿದೆ. “ಕಾರ್ಟಿಗೆ ಸೇರಿಸಿ ಚೆಕೌಟ್ ಮಾಡಿ” ಎಂದರೆ ಸ್ಕ್ರೀನಿನಲ್ಲಿರುವ ಬಟನ್ನಿನ ಹೆಸರನ್ನೇ ಹೇಳಿಕೊಟ್ಟಂತಾಯಿತು; ಗಿರಾಕಿ ಆ ಪದವನ್ನು ಹುಡುಕಿ ಒತ್ತುತ್ತಾನೆ, ಏನೂ ತಿಳಿಯುವುದಿಲ್ಲ. ಅದರ ಬದಲು ಅವರ ಬದುಕಿನದೇ ಒಂದು ಸನ್ನಿವೇಶ ಕೊಡಬೇಕು: “ಸಂಜೆ ಐದೂವರೆಗೆ ಮಗಳನ್ನು ಟ್ಯೂಷನ್‌ನಿಂದ ಕರೆದುಕೊಂಡು ಈ ದಾರಿಯಲ್ಲೇ ಬರುತ್ತೀರಿ. ಎರಡು ಕಾಫಿ ಬೇಕು, ಒಂದಕ್ಕೆ ಸಕ್ಕರೆ ಬೇಡ. ನೀವು ಬರುವ ಹೊತ್ತಿಗೆ ತಯಾರಾಗಿರಬೇಕು.” ಇದರಲ್ಲಿ ಸೈಟಿನ ಒಂದು ಪದವೂ ಇಲ್ಲ. ಆದರೆ ಸಕ್ಕರೆಯ ಆಯ್ಕೆ, ಸಮಯದ ಆಯ್ಕೆ, ಪಾವತಿ, ಟೋಕನ್ ಎಲ್ಲವನ್ನೂ ಮುಟ್ಟದೆ ಇದನ್ನು ಮುಗಿಸಲಾಗದು. ಇಂಥ ಎರಡು ಮೂರು ಕೆಲಸಗಳಿದ್ದರೆ ಅರ್ಧ ಗಂಟೆ ತುಂಬುತ್ತದೆ.

ಪ್ರೊಟೊಟೈಪನ್ನೂ ಇದಕ್ಕೆ ಸಿದ್ಧಪಡಿಸಿಕೊಳ್ಳಬೇಕು. ಸರಿಯಾದ ದಾರಿಯ ಬಟನ್‌ಗಳನ್ನು ಮಾತ್ರ ಜೋಡಿಸಿದ್ದರೆ ಉಳಿದವು ಒತ್ತಿದರೂ ಅಲುಗುವುದಿಲ್ಲ. ಗಿರಾಕಿ ಅಲ್ಲಿಲ್ಲಿ ಒತ್ತಿ, ಅಲುಗಿದ್ದೇ ಸರಿ ಎಂದು ಊಹಿಸಿಬಿಡುತ್ತಾನೆ. ಜನ ತಪ್ಪಾಗಿ ಹೋಗಬಹುದಾದ ಒಂದೆರಡು ದಾರಿಗಳೂ ತೆರೆದುಕೊಳ್ಳುವಂತಿರಬೇಕು. ಫಿಗ್ಮಾದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಖಾಲಿ ಜಾಗ ಮುಟ್ಟಿದಾಗ ಒತ್ತಬಹುದಾದ ಜಾಗಗಳೆಲ್ಲ ನೀಲಿಯಾಗಿ ಮಿನುಗುತ್ತವೆ, ಅಂದರೆ ಉತ್ತರವನ್ನು ತಂತ್ರಾಂಶವೇ ಹೇಳಿಕೊಡುತ್ತದೆ. ಪರೀಕ್ಷೆಗೆ ಮೊದಲು `Show hotspot hints on click` ಎಂಬ ಆಯ್ಕೆಯನ್ನು ತೆಗೆದುಹಾಕಬೇಕು. ಲ್ಯಾಪ್‌ಟಾಪಿನಲ್ಲಿ ತೋರಿಸದೆ ಫೋನಿನಲ್ಲೇ ಕೊಡಬೇಕು. ದೊಡ್ಡ ಪರದೆಯಲ್ಲಿ ಕಾಣುವ ಬಟನ್ ಫೋನಿನಲ್ಲಿ ಹೆಬ್ಬೆರಳಿನ ಕೆಳಗೆ ಮುಚ್ಚಿಹೋಗಬಹುದು.

ಕೂರಿಸಿಕೊಂಡ ಮೇಲೆ ಮೊದಲು ಹೇಳಬೇಕಾದ ಮಾತು, ಪರೀಕ್ಷೆ ಸೈಟಿಗೆ, ನಿಮಗಲ್ಲ ಎಂಬುದು. ಎರಡನೆಯದು, ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂಬ ಕೋರಿಕೆ. ಸ್ಕ್ರೀನನ್ನೋ ಮಾತನ್ನೋ ರೆಕಾರ್ಡ್ ಮಾಡುವುದಿದ್ದರೆ ಒಪ್ಪಿಗೆ ಕೇಳಬೇಕು. ಆಮೇಲೆ ನಡೆಸುವವರು ಬಾಯಿ ಮುಚ್ಚಿಕೊಂಡಿರಬೇಕು, ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಇನ್ನೊಬ್ಬರು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕು. ಗೃಹಿಣಿಯ ಸರದಿಯಲ್ಲಿ ಮಾತು ಹೀಗೆ ನಡೆಯಬಹುದು.

“ಸಕ್ಕರೆ ಬೇಡ ಅನ್ನೋದು ಎಲ್ಲಿ ಹೇಳ್ಬೇಕು? ಇಲ್ಲಿ ಕಾಣ್ತಾನೇ ಇಲ್ವಲ್ಲ.”

“ಎಲ್ಲಿರಬಹುದು ಅನ್ಸುತ್ತೆ ಮೇಡಂ?”

“ಕಾಫಿ ಹತ್ರಾನೇ ಇರ್ಬೇಕಿತ್ತು… ಇಲ್ಲ. ಬಿಡಿ, ಫೋನ್ ಮಾಡಿ ಹೇಳ್ಬಿಡ್ತೀನಿ.”

ಇಲ್ಲಿ ನಡೆಸುವವರು “ಕಾಫಿಯ ಚಿತ್ರ ಮುಟ್ಟಿ ನೋಡಿ” ಎಂದಿದ್ದರೆ ಕೆಲಸ ಮುಗಿಯುತ್ತಿತ್ತು, ಆದರೆ ಕೊನೆಯ ಮಾತು ಹೊರಬೀಳುತ್ತಿರಲಿಲ್ಲ. ಫೋನ್ ಕರೆ ತಪ್ಪಿಸಲೆಂದು ಕಟ್ಟುತ್ತಿರುವ ಸೈಟಿನಿಂದ ಗಿರಾಕಿ ಮತ್ತೆ ಫೋನಿಗೇ ಮರಳುವ ಜಾಗ ಯಾವುದು ಎಂದು ಆ ಮಾತೇ ತೋರಿಸುತ್ತದೆ.

ಐದೂ ಸರದಿ ಮುಗಿದಾಗ ಟಿಪ್ಪಣಿಯಲ್ಲಿ ಮೂರು ತೊಡಕುಗಳು ಎದ್ದು ಕಾಣುತ್ತವೆ ಎಂದುಕೊಳ್ಳೋಣ. ಮೊದಲನೆಯದು ಸಕ್ಕರೆ. ನಾಲ್ವರು ಮೆನುವಿನಲ್ಲಿ ಕಾಫಿಯ ಪಕ್ಕದ ಕೂಡಿಸುವ ಗುರುತನ್ನು ಎರಡು ಸಲ ಒತ್ತಿ ನೇರ ಕಾರ್ಟಿಗೆ ಹೋದರು. ಚಿತ್ರ ಮುಟ್ಟಿದರೆ ವಿವರದ ಸ್ಕ್ರೀನ್ ತೆರೆಯುತ್ತದೆ ಎಂದು ಅವರಿಗೆ ಹೊಳೆಯಲಿಲ್ಲ. ಎರಡನೆಯದು ಬಾಗಿಲಲ್ಲೇ ಕೇಳುವ ಮೊಬೈಲ್ ನಂಬರ್. ಮೇಷ್ಟ್ರು ಮತ್ತು ವ್ಯಾಪಾರಿ ಮೆನು ನೋಡುವುದಕ್ಕೂ ನಂಬರ್ ಏಕೆ ಕೊಡಬೇಕು ಎಂದು ಅಲ್ಲೇ ನಿಂತರು. ಮೂರನೆಯದು ಕೊನೆಯ ಸ್ಕ್ರೀನ್. ‘ಆರ್ಡರ್ ಆಯಿತು’ ಎಂಬುದನ್ನು ಎಲ್ಲರೂ ಓದಿದರು, ಆದರೆ ಕೆಫೆಗೆ ಬಂದು ಯಾರಿಗೆ ಏನು ತೋರಿಸಬೇಕು ಎಂದು ಮೂವರು ಕೇಳಿದರು.

ಇವುಗಳ ಜತೆಗೆ ಬಣ್ಣ ಮಂಕಾಗಿದೆ, ಚಿತ್ರ ಇನ್ನೂ ದೊಡ್ಡದಿರಲಿ ಎಂಬ ಅಭಿಪ್ರಾಯಗಳೂ ಬರುತ್ತವೆ. ಅವನ್ನು ಬೇರೆ ಹಾಳೆಯಲ್ಲಿ ಬರೆದಿಡಬೇಕು. ತೊಡಕುಗಳನ್ನು ಸಾಲಾಗಿ ಇಡುವಾಗ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದರಿಂದ ಆರ್ಡರ್ ನಿಂತುಹೋಯಿತೇ ಅಥವಾ ತಪ್ಪಾಯಿತೇ, ಎಷ್ಟು ಜನರಿಗೆ ಹೀಗಾಯಿತು? ಸಕ್ಕರೆಯ ತೊಡಕು ಎರಡರಲ್ಲೂ ಮೇಲಿದೆ. ಅದು ಹಾಗೇ ಉಳಿದರೆ ಸಕ್ಕರೆ ಕಾಯಿಲೆ ಇರುವವರ ಕೈಗೆ ಸಿಹಿ ಕಾಫಿ ಹೋಗುತ್ತದೆ.

ತಿದ್ದುವ ಕೆಲಸ ಪ್ರೊಟೊಟೈಪಿನಲ್ಲಿ ಹಗುರ. ಕೂಡಿಸುವ ಗುರುತು ಒತ್ತಿದ ಕೂಡಲೇ ಕೆಳಗಿನಿಂದ ‘ಸಕ್ಕರೆ, ಕಡಿಮೆ ಸಕ್ಕರೆ, ಸಕ್ಕರೆ ಬೇಡ’ ಎಂಬ ಪಟ್ಟಿ ಏಳುವಂತೆ ಮಾಡಬಹುದು. ಮೊಬೈಲ್ ನಂಬರನ್ನು ಪಾವತಿಯ ಹಂತಕ್ಕೆ ತಳ್ಳಬಹುದು. ಕೊನೆಯ ಸ್ಕ್ರೀನಿನಲ್ಲಿ ಟೋಕನ್ ಸಂಖ್ಯೆಯನ್ನು ದೊಡ್ಡದಾಗಿ ಹಾಕಿ, ‘ಪಾರ್ಸೆಲ್ ಕೌಂಟರಿನಲ್ಲಿ ಇದನ್ನು ತೋರಿಸಿ’ ಎಂದು ಬರೆಯಬಹುದು. ಇದೆಲ್ಲ ಒಂದು ದಿನದೊಳಗಿನ ಕೆಲಸ. ಇದೇ ಬದಲಾವಣೆ ಕಟ್ಟಿ ಮುಗಿದ ಸೈಟಿನಲ್ಲಾದರೆ ಕತೆ ಬೇರೆ. ಸಕ್ಕರೆಯ ಒಂದು ಆಯ್ಕೆ ಸೇರಿಸಲು ಡೇಟಾಬೇಸ್ ತಿದ್ದಬೇಕು, ಒಂದೇ ತಿಂಡಿ ಎರಡು ಬಗೆಯಲ್ಲಿ ಬಂದಾಗ ಕಾರ್ಟ್ ಅದನ್ನು ಬೇರೆ ಬೇರೆಯಾಗಿ ಎಣಿಸಬೇಕು, ಅಡುಗೆಮನೆಯ ಚೀಟಿಯಲ್ಲಿ ಅದು ಅಚ್ಚಾಗಬೇಕು.

ಪರೀಕ್ಷೆ ಕೆಡುವ ಬಗೆಗಳೂ ಗೊತ್ತಿರಬೇಕು. “ಇಂಥ ಸೈಟ್ ಬಂದರೆ ಬಳಸುತ್ತೀರಾ?” ಎಂದು ಕೇಳಿದರೆ ಐವರೂ ಹೌದು ಎನ್ನುತ್ತಾರೆ, ಅದು ಸೌಜನ್ಯದ ಉತ್ತರ. ಹಿಂದಿನ ವಾರ ಪಾರ್ಸೆಲ್ ಹೇಗೆ ಒಯ್ದಿರಿ ಎಂದು ಕೇಳಿದರೆ ನಿಜ ತಿಳಿಯುತ್ತದೆ. ಐವರಲ್ಲಿ ಒಬ್ಬರೂ ಎಲ್ಲೂ ತಡವರಿಸದಿದ್ದರೆ ವಿನ್ಯಾಸ ಚೆನ್ನಾಗಿದೆ ಎಂದು ಹಿಗ್ಗುವ ಮೊದಲು, ಕೆಲಸದ ವಿವರಣೆಯಲ್ಲಿ ಸುಳಿವು ಇತ್ತೇ, ನಡೆಸುವವರು ಬೆರಳು ತೋರಿಸಿದರೇ ಎಂದು ರೆಕಾರ್ಡಿಂಗ್ ನೋಡಬೇಕು. ಇನ್ನೊಂದು ತಪ್ಪು, ಐವರಲ್ಲಿ ಮೂವರನ್ನು 60 ಶೇಕಡಾ ಎಂದು ವರದಿಯಲ್ಲಿ ಬರೆಯುವುದು. ಇಷ್ಟು ಚಿಕ್ಕ ಗುಂಪಿನಿಂದ ಲೆಕ್ಕ ಹಾಕಿದರೆ, ಎಲ್ಲ ಗಿರಾಕಿಗಳಲ್ಲಿ ಆ ಪ್ರಮಾಣ 15ರಿಂದ 95 ಶೇಕಡಾವರೆಗೆ ಎಲ್ಲಿ ಬೇಕಾದರೂ ಇರಬಹುದು.

ಪ್ರೊಟೊಟೈಪಿಗೇ ನಿಲುಕದ ಸಂಗತಿಗಳೂ ಇವೆ. ಸಿಗ್ನಲ್ ಕುಂದಿದಾಗ ಮೆನು ತೆರೆಯಲು ಎಷ್ಟು ಹೊತ್ತು ಬೇಕು, ಯುಪಿಐ ಆ್ಯಪಿಗೆ ಹೋಗಿ ಹಣ ಕಟ್ಟಿದವರು ಸೈಟಿಗೆ ಸರಿಯಾಗಿ ಮರಳುತ್ತಾರೆಯೇ, ಹಣ ಹೋಗಿ ಆರ್ಡರ್ ಬೀಳದಿದ್ದರೆ ಏನು, ಬೆಳಗಿನ ಜಂಗುಳಿಯಲ್ಲಿ ಅಡುಗೆಮನೆ ಹೇಳಿದ ಸಮಯಕ್ಕೆ ಕೊಡಬಲ್ಲದೇ ಎಂಬುದು ಚಿತ್ರಗಳಿಂದ ತಿಳಿಯದು. ದೃಷ್ಟಿಯಿಲ್ಲದವರ ಫೋನು ಸ್ಕ್ರೀನನ್ನು ಸರಿಯಾಗಿ ಓದಿ ಹೇಳುತ್ತದೆಯೇ ಎಂಬುದನ್ನು ಸೈಟ್ ತಯಾರಾದ ಮೇಲೆಯೇ ನೋಡಬೇಕು. ಕೌಂಟರಿನ ಸಿಬ್ಬಂದಿ ಬಳಸುವ ಸ್ಕ್ರೀನ್ ಬೇರೆಯೇ ಆದ್ದರಿಂದ ಅದನ್ನು ಅವರ ಜತೆ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ತಿದ್ದಿದ ಪ್ರೊಟೊಟೈಪನ್ನು ಮೊದಲಿನವರಿಗೆ ಮತ್ತೆ ಕೊಡುವುದರಿಂದ ಪ್ರಯೋಜನವಿಲ್ಲ, ಅವರಿಗೆ ದಾರಿ ಗೊತ್ತಾಗಿದೆ. ಹೊಸ ಐವರಿಗೆ ಅದೇ ಕೆಲಸ ಕೊಟ್ಟು ನೋಡಬೇಕು. ಹಳೆಯ ಮೂರು ತೊಡಕುಗಳು ಮಾಯವಾಗಿ, ಹೊಸದಾಗಿ ಕಂಡವು ಆರ್ಡರನ್ನು ನಿಲ್ಲಿಸದಷ್ಟು ಚಿಕ್ಕವಾದರೆ ಸ್ಕ್ರೀನುಗಳನ್ನು ಸೈಟ್ ಕಟ್ಟುವವರಿಗೆ ಒಪ್ಪಿಸಬಹುದು. ಜತೆಗೆ, ಪ್ರೊಟೊಟೈಪಿನಲ್ಲಿ ನೋಡಲಾಗದೆ ಉಳಿದ ಸಂಗತಿಗಳ ಪಟ್ಟಿಯನ್ನೂ ಕೊಡಬೇಕು. ಸೈಟ್ ಎಲ್ಲರಿಗೂ ತೆರೆಯುವ ಮೊದಲು ಅವನ್ನು ಪರೀಕ್ಷಿಸುವುದು ಅವರ ಕೆಲಸ.