ಬಾಗಿಲು ಹಾಕಿದ ಮೇಲೂ ಓಡುವ ಮೀಟರ್

ಹೊಸ ಕಿರಾಣಿ ಅಂಗಡಿಗೆ ಬಂದ ಮೊದಲ ದೊಡ್ಡ ಕರೆಂಟ್ ಬಿಲ್ಲಿಗೆ ಮಾಲೀಕ ದೂರಿದ್ದು ಟ್ಯೂಬ್‌ಲೈಟುಗಳನ್ನು. ಲೆಕ್ಕ ಬೇರೆಯೇ ಇತ್ತು. 20 ವಾಟ್‌ನ ನಾಲ್ಕು ಎಲ್‌ಇಡಿ ಟ್ಯೂಬುಗಳು 12 ಗಂಟೆ ಉರಿದರೂ ಖರ್ಚಾಗುವುದು ಒಂದು ಯೂನಿಟ್‌ಗೂ ಕಡಿಮೆ.

ರಾತ್ರಿ 9ಕ್ಕೆ ಎಲ್ಲ ದೀಪ, ಫ್ಯಾನ್ ಆರಿಸಿ ಮೀಟರ್ ಬರೆದುಕೊಂಡ. ಬೆಳಿಗ್ಗೆ 7ಕ್ಕೆ ನೋಡಿದರೆ 4 ಯೂನಿಟ್ ಏರಿತ್ತು. ಆಗ ಓಡುತ್ತಿದ್ದದ್ದು ತಂಪುಪಾನೀಯದ ಗಾಜಿನ ಫ್ರಿಜ್ ಮತ್ತು ಐಸ್‌ಕ್ರೀಮ್ ಡೀಪ್ ಫ್ರೀಜರ್ ಮಾತ್ರ. ಇದೇ ವೇಗದಲ್ಲಿ ಹೋದರೂ ತಿಂಗಳಿಗೆ ಸುಮಾರು 290 ಯೂನಿಟ್. ಹಗಲಲ್ಲಿ ಬಾಗಿಲು ತೆರೆದಷ್ಟೂ ಇನ್ನೂ ಹೆಚ್ಚು.

ಫ್ರೀಜರ್ ಮುಚ್ಚಳದ ಅಂಚಿಗೆ ಕಾಗದದ ಚೀಟಿ ಸಿಕ್ಕಿಸಿ ಎಳೆದಾಗ ಒಂದು ಮೂಲೆಯಲ್ಲಿ ಅದು ಸಲೀಸಾಗಿ ಜಾರಿ ಬಂತು. ಅಲ್ಲಿ ರಬ್ಬರ್ ಪಟ್ಟಿ ಸವೆದಿತ್ತು. ಆ ಸಂದಿನಿಂದ ತೇವದ ಗಾಳಿ ಒಳನುಗ್ಗಿ ಗೋಡೆಗೆ ದಪ್ಪ ಹಿಮ ಕಟ್ಟಿತ್ತು. ಹಿಮ ಶಾಖವನ್ನು ತಡೆಯುವುದರಿಂದ ಕಂಪ್ರೆಸರ್‌ಗೆ ಬಿಡುವೇ ಸಿಗದು. ಪಾಪ, ಟ್ಯೂಬ್‌ಲೈಟುಗಳು! ಪಟ್ಟಿ ಬದಲಿಸಿ, ಹಿಮ ಕರಗಿಸಿ, ಫ್ರಿಜ್ಜನ್ನು ಗೋಡೆಯಿಂದ ಗೇಣಷ್ಟು ಸರಿಸಿ ಹಿಂಬದಿಯ ಧೂಳು ತೆಗೆದ ಮೇಲೆ ರಾತ್ರಿಯ ಖರ್ಚು ಎರಡೂವರೆ ಯೂನಿಟ್‌ಗೆ ಇಳಿಯಿತು. ಅದಕ್ಕಿಂತ ಕೆಳಗಿಳಿಸಲು ಫ್ರಿಜ್ಜನ್ನೇ ಬದಲಿಸಬೇಕಿತ್ತು.