ನಲವತ್ತರ ನಂತರ ಬದಲಾಗುವ ಮನುಷ್ಯ: ಹಂಟಿಂಗ್ಟನ್ ಕಾಯಿಲೆ

ಮೂರು ವರ್ಷಗಳ ಹಿಂದೆ ಒಬ್ಬ ಮಹಿಳೆ ತನ್ನ ಗಂಡನನ್ನು ನನ್ನ ಕ್ಲಿನಿಕ್‌ಗೆ ಕರೆತಂದರು. ಗಂಡನ ವಯಸ್ಸು 44, ಮರದ ವ್ಯಾಪಾರಿ. ಗಂಡ ಹೊರಗೆ ಕುಳಿತಿದ್ದಾಗ ಆಕೆ ಮೆಲ್ಲಗೆ ಹೇಳಿದರು: “ಡಾಕ್ಟರ್ ಸಾಹೇಬ್ರೇ, ಇವರು ಕುಡಿಯೋದಿಲ್ಲ. ದಯವಿಟ್ಟು ನೀವಾದರೂ ನಂಬಿ.”

ಮೊಹಲ್ಲಾದಲ್ಲಿ ಅವರು ತೂರಾಡುತ್ತಾ ನಡೆಯುವುದನ್ನು ಕಂಡವರು ಕುಡಿತದ ಚಟ ಅಂಟಿದೆ ಎಂದು ತೀರ್ಮಾನಿಸಿಬಿಟ್ಟಿದ್ದರು. ಆದರೆ ನಡಿಗೆ ಕೆಡುವುದಕ್ಕೆ ನಾಲ್ಕು ವರ್ಷ ಮೊದಲೇ ಸ್ವಭಾವ ಕೆಟ್ಟಿತ್ತು. ಸಣ್ಣ ಮಾತಿಗೂ ಸಿಡುಕು, ತಟ್ಟೆ ಎಸೆಯುವುದು, ನಂತರ ದಿನಗಟ್ಟಲೆ ಮೌನ. ಯಾವತ್ತೂ ತಪ್ಪದ ಲೆಕ್ಕಪತ್ರ ತಪ್ಪತೊಡಗಿತು. ಮನೆಯವರು ಮೊದಲು ವ್ಯಾಪಾರದ ಚಿಂತೆ ಎಂದರು, ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎಂದರು. ಹೀಗೆ ಒಂದು ವರ್ಷ ಕಳೆಯಿತು.

ನಾನು ನಾಲಿಗೆ ಹೊರಚಾಚಿ ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಲು ಹೇಳಿದೆ. ಮೂರು ಎಣಿಸುವಷ್ಟರಲ್ಲಿ ನಾಲಿಗೆ ತಾನಾಗಿ ಒಳಗೆ ಸರಿಯಿತು. ನನ್ನ ಎರಡು ಬೆರಳುಗಳನ್ನು ಬಿಗಿಯಾಗಿ ಹಿಡಿಯಿರಿ ಎಂದೆ. ಹಿಡಿತ ಬಿಗಿಯಾಗುತ್ತಾ ಸಡಿಲವಾಗುತ್ತಾ ಇತ್ತು, ಹಸುವಿನ ಹಾಲು ಕರೆದ ಹಾಗೆ. ಸುಮ್ಮನೆ ಕುಳಿತಾಗಲೂ ಬೆರಳುಗಳು ಪಿಯಾನೋ ನುಡಿಸುವಂತೆ ಆಡುತ್ತಿದ್ದವು, ಹುಬ್ಬು ಏರುತ್ತಿತ್ತು. ಇದು ಕೈ ನಡುಕವಲ್ಲ. ನಮ್ಮ ಯುನಾನಿ ಗ್ರಂಥಗಳ ‘ರಅಶಾ’ ಒಂದೇ ಲಯದ ಕಂಪನ. ಇದಾದರೋ ಲಯವೇ ಇಲ್ಲದೆ ಒಂದು ಅಂಗದಿಂದ ಇನ್ನೊಂದಕ್ಕೆ ಹರಿಯುವ ಚಲನೆ. ವೈದ್ಯರು ಇದನ್ನು ಕೋರಿಯಾ ಎನ್ನುತ್ತಾರೆ.

“ನಿಮ್ಮ ಅಬ್ಬಾ ಹೇಗೆ ತೀರಿಕೊಂಡರು?” ಎಂದು ಕೇಳಿದೆ. ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಐವತ್ತರ ನಂತರ ಅವರಿಗೆ ‘ತಲೆ ಕೆಟ್ಟಿತ್ತು’, ಕೈಕಾಲು ನಿಲ್ಲುತ್ತಿರಲಿಲ್ಲ, ಹಿಂದಿನ ಕೋಣೆಯಲ್ಲೇ ಇರಿಸಿದ್ದರು. ಮನೆತನದಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ನನ್ನ ಬಳಿ ಇದಕ್ಕೆ ಮಾಜೂನ್ ಆಗಲಿ ಜೋಶಾಂದ ಆಗಲಿ ಇಲ್ಲ ಎಂದು ಹೇಳಿ, ನರರೋಗ ತಜ್ಞರಿಗೆ ಪತ್ರ ಬರೆದುಕೊಟ್ಟೆ. ರಕ್ತ ಪರೀಕ್ಷೆಯಲ್ಲಿ ಬಂದ ಸಂಖ್ಯೆ 43.

ಈ 43 ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ನಾಲ್ಕನೇ ಕ್ರೋಮೋಸೋಮಿನಲ್ಲಿ ಹಂಟಿಂಗ್ಟಿನ್ ಎಂಬ ಪ್ರೋಟೀನ್ ತಯಾರಿಸುವ ಒಂದು ಜೀನ್ ಇದೆ. ಅದರ ಆರಂಭದಲ್ಲಿ ಸಿ-ಎ-ಜಿ ಎಂಬ ಮೂರು ಅಕ್ಷರಗಳು ಒಂದೇ ಮಾದರಿಯ ಮಣಿಗಳಂತೆ ಸಾಲಾಗಿ ಮರುಕಳಿಸುತ್ತವೆ. ಎಲ್ಲರಲ್ಲೂ ಈ ಮಾಲೆ ಇರುತ್ತದೆ. ಮಣಿಗಳು 26ರವರೆಗೆ ಇದ್ದರೆ ಏನೂ ತೊಂದರೆ ಇಲ್ಲ. 27ರಿಂದ 35 ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ದಾಟುವಾಗ ಮಾಲೆ ಉದ್ದವಾಗಬಹುದು. 36ರಿಂದ 39 ಅನಿಶ್ಚಿತ ವಲಯ. ಕೆಲವರಿಗೆ ಕಾಯಿಲೆ ಬರುತ್ತದೆ, ಕೆಲವರಿಗೆ ಬಾರದೇ ಇರಬಹುದು. 40 ಅಥವಾ ಹೆಚ್ಚಾದರೆ, ಸಾಮಾನ್ಯ ಆಯುಷ್ಯ ಬದುಕಿದವರಿಗೆ ಕಾಯಿಲೆ ಬಂದೇ ಬರುತ್ತದೆ. 60 ದಾಟಿದರೆ ಇಪ್ಪತ್ತರೊಳಗೇ ಕಾಣಿಸಿಕೊಳ್ಳಬಹುದು.

ಈ ಜೀನ್ ಸಿಕ್ಕಿದ್ದು 1993ರಲ್ಲಿ. ಅಮೆರಿಕದ ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿಯ ತಾಯಿ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಆಕೆ ವೆನೆಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಿಗೆ ವರ್ಷ ವರ್ಷವೂ ಹೋಗಿ, ಕಾಯಿಲೆ ತುಂಬಿದ್ದ ಒಂದು ಬೃಹತ್ ವಂಶದ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅವುಗಳ ನೆರವಿನಿಂದಲೇ ಜೀನ್ ಪತ್ತೆಯಾಯಿತು. ತಮಗೂ ಈ ಕಾಯಿಲೆ ಇದೆ ಎಂದು ಅವರು 2020ರಲ್ಲಿ ಬಹಿರಂಗವಾಗಿ ತಿಳಿಸಿದರು.

ಹುಟ್ಟುವಾಗಲೇ 43 ಮಣಿ ಇದ್ದ ವ್ಯಕ್ತಿ ನಲವತ್ತರವರೆಗೆ ಆರೋಗ್ಯವಾಗಿದ್ದು ಹೇಗೆ? ಬಹುಕಾಲ ನೀಡುತ್ತಿದ್ದ ಉತ್ತರ, ದೋಷಪೂರಿತ ಪ್ರೋಟೀನ್ ನಿಧಾನವಾಗಿ ಜೀವಕೋಶಕ್ಕೆ ವಿಷವಾಗುತ್ತದೆ ಎಂಬುದಾಗಿತ್ತು. ಈಗ ಹೆಚ್ಚು ಕುತೂಹಲಕರವಾದ ಚಿತ್ರ ಮೂಡಿದೆ. ರಕ್ತದಲ್ಲಿ 43 ಇದ್ದರೂ ಮೆದುಳಿನ ಎಲ್ಲ ಕೋಶಗಳಲ್ಲಿ ಅದು 43 ಆಗಿ ಉಳಿಯುವುದಿಲ್ಲ. ಡಿಎನ್‌ಎಯನ್ನು ದುರಸ್ತಿ ಮಾಡುವ ಕೋಶದ ಕೆಲಸಗಾರರು ಈ ಮಾಲೆಯ ಬಳಿ ಎಡವುತ್ತಾರೆ. ತಸ್ಬೀಹ್ ಎಣಿಸುವಾಗ ಲೆಕ್ಕ ತಪ್ಪಿದವರಂತೆ ಆಗಾಗ ಒಂದು ಮಣಿ ಹೆಚ್ಚು ಪೋಣಿಸಿಬಿಡುತ್ತಾರೆ.

2025ರ ಜನವರಿಯಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು, ಮೃತರು ದಾನ ಮಾಡಿದ ಮೆದುಳುಗಳ ಒಂದೊಂದೇ ಕೋಶದ ಮಣಿಗಳನ್ನು ಎಣಿಸಿತು. 40ರ ಆಸುಪಾಸಿನಿಂದ 80ಕ್ಕೆ ಬೆಳೆಯಲು ಹಲವು ದಶಕಗಳು ಬೇಕು. 80 ದಾಟಿದ ಮೇಲೆ ಕೆಲವೇ ವರ್ಷಗಳಲ್ಲಿ 150 ಆಗುತ್ತದೆ. ಅಲ್ಲಿಯವರೆಗೂ ಕೋಶ ಬಹುತೇಕ ಮಾಮೂಲಿಯಾಗಿಯೇ ಇರುತ್ತದೆ; 150 ಮೀರಿದ ನಂತರ ಅದರ ಆಡಳಿತ ಕುಸಿದು, ತಿಂಗಳುಗಳಲ್ಲಿ ಸಾಯುತ್ತದೆ. ಎಲ್ಲ ಕೋಶಗಳೂ ಒಟ್ಟಿಗೆ ಆ ಗಡಿ ತಲುಪುವುದಿಲ್ಲ. ಇಂದು ಕೆಲವು, ನಾಳೆ ಇನ್ನು ಕೆಲವು. ಸಾಕಷ್ಟು ಕೋಶಗಳು ಹೋದ ಮೇಲೆ ಮನೆಯವರ ಕಣ್ಣಿಗೆ ಬೀಳುತ್ತದೆ. ಆಗ ವಯಸ್ಸು ಸಾಮಾನ್ಯವಾಗಿ 30ರಿಂದ 50ರ ನಡುವೆ. ದುರಸ್ತಿ ಮಾಡುವ ಜೀನ್‌ಗಳಲ್ಲಿ ವ್ಯತ್ಯಾಸವಿರುವುದರಿಂದಲೇ ಒಂದೇ ಸಂಖ್ಯೆಯ ಇಬ್ಬರಿಗೆ ಬೇರೆ ಬೇರೆ ವಯಸ್ಸಿನಲ್ಲಿ ಕಾಯಿಲೆ ಶುರುವಾಗಬಹುದು. ಹಾಗಾಗಿ ಸಂಖ್ಯೆ ನೋಡಿ ಇಂಥದ್ದೇ ವರ್ಷ ಎಂದು ಯಾರೂ ಹೇಳಲಾಗದು.

ಹೀಗೆ ಹೆಚ್ಚು ಸಾಯುವುದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ಕೋಶಗಳು. ಬೇಡದ ಚಲನೆಗೆ ಬ್ರೇಕ್ ಹಾಕುವುದು ಅವುಗಳ ಕೆಲಸ. ಬ್ರೇಕ್ ಹೋದರೆ ಕೈಕಾಲು ತಾನಾಗಿ ಆಡುತ್ತದೆ. ಅದೇ ಭಾಗ ಮುಂಮೆದುಳಿನೊಂದಿಗೂ ಹೆಣೆದುಕೊಂಡಿದೆ. ಸಿಟ್ಟು ತಡೆಯುವುದು, ಯೋಜನೆ ಹಾಕುವುದು, ಒಂದು ಕೆಲಸಕ್ಕೆ ಮನಸ್ಸು ಹುಟ್ಟುವುದು ಎಲ್ಲವೂ ಆ ದಾರಿಯಲ್ಲೇ ಹೋಗುತ್ತವೆ. ಆದ್ದರಿಂದ ಎಷ್ಟೋ ಮಂದಿಯಲ್ಲಿ ಚಲನೆಗಿಂತ ವರ್ಷಗಳ ಮೊದಲೇ ಖಿನ್ನತೆ, ಸಿಡುಕು, ನಿರಾಸಕ್ತಿ ಬರುತ್ತದೆ. ಆತ್ಮಹತ್ಯೆಯ ಯೋಚನೆಯೂ ಈ ಕಾಯಿಲೆಯಲ್ಲಿ ಹೆಚ್ಚು. ಅಂತಹ ಮಾತು ಬಾಯಿಂದ ಬಂದರೆ ಅದನ್ನು ಈಮಾನಿನ ಕೊರತೆ ಎಂದು ಗದರಿಸಬೇಡಿ. ಅಂದೇ ಮನೋವೈದ್ಯರಿಗೆ ತೋರಿಸಿ.

ನನ್ನನ್ನು ಹೆಚ್ಚು ಜನ ಕೇಳುವ ಪ್ರಶ್ನೆ ರಕ್ತಸಂಬಂಧದ ಮದುವೆಯದ್ದು. ಈ ಕಾಯಿಲೆಗೆ ಅದು ಕಾರಣವಲ್ಲ. ಥಲಸ್ಸೇಮಿಯಾ ಬರಲು ತಂದೆ-ತಾಯಿ ಇಬ್ಬರಿಂದಲೂ ದೋಷ ಬರಬೇಕು. ಇಲ್ಲಿ ಒಬ್ಬರಿಂದ ಬಂದರೆ ಸಾಕು. ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅರ್ಧಕ್ಕರ್ಧ ಸಂಭವ. ಮೊದಲ ಮಗುವಿಗೆ ಬಂತೆಂದು ಎರಡನೆಯದಕ್ಕೆ ತಪ್ಪುವುದಿಲ್ಲ. ಬಾರದ ಮಗುವಿನ ಮುಂದಿನ ಪೀಳಿಗೆಗೂ ಅದು ದಾಟುವುದಿಲ್ಲ. ತಂದೆಯಿಂದ ದಾಟುವಾಗ ಮಾಲೆ ಇನ್ನಷ್ಟು ಉದ್ದವಾಗುವ ಸಾಧ್ಯತೆ ಹೆಚ್ಚು. ವೀರ್ಯಾಣು ತಯಾರಾಗುವಾಗಲೂ ಮಣಿಗಳು ಕೂಡಿಕೊಳ್ಳುತ್ತವೆ.

ಆ ಮನೆಯಲ್ಲಿ 19ರ ಮಗಳು, 16ರ ಮಗ ಇದ್ದಾರೆ. ವರದಿ ಬಂದ ವಾರವೇ ಅಜ್ಜಿ ಇಬ್ಬರಿಗೂ ಪರೀಕ್ಷೆ ಮಾಡಿಸಲು ಹೊರಟರು. ಲಕ್ಷಣವಿಲ್ಲದ ಅಪ್ರಾಪ್ತರಿಗೆ ಈ ಪರೀಕ್ಷೆ ಮಾಡುವುದಿಲ್ಲ. ವಯಸ್ಕರಿಗೂ ಮೊದಲು ಆನುವಂಶಿಕ ಸಲಹೆ, ಯೋಚಿಸಲು ಸಮಯ, ಆಮೇಲೆಯೇ ರಕ್ತ. ತಡೆಯುವ ಔಷಧಿ ಇನ್ನೂ ಇಲ್ಲದ ಕಾಯಿಲೆಯ ಸುದ್ದಿಯನ್ನು ಇಪ್ಪತ್ತು ವರ್ಷ ಮೊದಲೇ ಹೊತ್ತು ತಿರುಗುವುದು ಎಲ್ಲರಿಗೂ ಆಗುವುದಿಲ್ಲ. ತಿಳಿಯದೇ ಇರುವ ಹಕ್ಕೂ ಅವರದ್ದು. ಅವರ 38ರ ತಂಗಿ ಬೇಡ ಎಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸಲಹೆ ಮತ್ತು ಪರೀಕ್ಷೆ ಎರಡೂ ಸಿಗುತ್ತವೆ.

ಈಗ ಅವರಿಗೆ ಚಲನೆ ತಗ್ಗಿಸಲು ಟೆಟ್ರಾಬೆನಜಿನ್ ಕೊಡುತ್ತಿದ್ದಾರೆ. ಅದು ಖಿನ್ನತೆಯನ್ನು ಹೆಚ್ಚಿಸಬಹುದಾದ್ದರಿಂದ ಆಕೆ ಗಂಡನ ಮನಸ್ಥಿತಿಯನ್ನು ಒಂದು ಪುಸ್ತಕದಲ್ಲಿ ದಿನವೂ ಬರೆದಿಡುತ್ತಾರೆ. ನಿಲ್ಲದ ಚಲನೆಯಿಂದ ತೂಕ ಇಳಿಯುತ್ತದೆ, ಹಾಗಾಗಿ ತುಪ್ಪ ಹಾಕಿದ ದಪ್ಪ ಗಂಜಿ, ಖರ್ಜೂರ ಅರೆದ ಹಾಲು ದಿನಕ್ಕೆ ಐದಾರು ಬಾರಿ. ನೀರು ಕುಡಿಯುವಾಗ ಕೆಮ್ಮು ಬಂದರೆ ತಕ್ಷಣ ತಿಳಿಸಲು ಹೇಳಿದ್ದೇನೆ. ಗಂಟಲಿನ ಸ್ನಾಯು ಸೋಲುತ್ತಿರುವ ಗುರುತು ಅದು. ಮೊಹಲ್ಲಾದವರಿಗೆ ಮಸೀದಿ ಕಮಿಟಿಯ ಹಿರಿಯರೊಬ್ಬರು ವಿಷಯ ತಿಳಿಸಿದರು. ಶುಕ್ರವಾರ ನೆರೆಮನೆಯ ಹುಡುಗನೊಬ್ಬ ಅವರ ತೋಳು ಹಿಡಿದು ಜುಮಾಕ್ಕೆ ಕರೆದೊಯ್ಯುತ್ತಾನೆ. ಕುರ್ಚಿಯಲ್ಲಿ ಕುಳಿತೇ ನಮಾಜ್ ಮಾಡುತ್ತಾರೆ.