ಮೊದಲು ನೆನೆಯಲಿ, ಆಮೇಲೆ ಒತ್ತಡ

ಎತ್ತರದ ತೋಟದಲ್ಲಿ ಬೆಳೆದ, ಕಡಿಮೆ ಹುರಿದ ಇಥಿಯೋಪಿಯಾದ ಕಾಫಿ ಬೀಜ ಬಲು ಗಟ್ಟಿ. ರುಚಿ ಸುಲಭವಾಗಿ ನೀರಿಗಿಳಿಯದು, ಹಾಗಾಗಿ ಎಸ್ಪ್ರೆಸೊಗೆ ನುಣ್ಣಗೆ ಬೀಸಬೇಕು. ಆ ಒಣಪುಡಿಯ ಮೇಲೆ ಏಕಾಏಕಿ 9 ಬಾರ್ ಒತ್ತಡ ಬಿದ್ದರೆ ನೀರು ಸಡಿಲವಿದ್ದ ಕಡೆ ದಾರಿ ಕೊರೆದು ನುಗ್ಗುತ್ತದೆ. ತಳ ತೆರೆದ ಪೋರ್ಟಾಫಿಲ್ಟರ್‌ನಲ್ಲಿ ಅದು ಕಣ್ಣಿಗೇ ಕಾಣುತ್ತದೆ: ಸೂಜಿಯಂಥ ಎಳೆಯೊಂದು ಪಕ್ಕಕ್ಕೆ ಚಿಮ್ಮುತ್ತದೆ. ಕಪ್‌ನಲ್ಲಿ ಹುಳಿಯೂ ಕಹಿಯೂ ಒಟ್ಟಿಗೇ.

ಪಳಗಿದ ಬರಿಸ್ತಾ 18 ಗ್ರಾಂ ಪುಡಿಯನ್ನು ಮೊದಲು 2–3 ಬಾರ್‌ನಲ್ಲಿ ನೆನೆಸುತ್ತಾರೆ. ಇದೇ ಪ್ರೀ-ಇನ್‌ಫ್ಯೂಷನ್. ತಳದ ತುಂಬ ಹನಿ ಮೂಡಲು ಸುಮಾರು 10 ಸೆಕೆಂಡು. ಗಡಿಯಾರಕ್ಕಿಂತ ಆ ಹನಿಗಳನ್ನೇ ನಂಬಬೇಕು. ಬಳಿಕ 8 ಬಾರ್‌ಗೆ ಏರಿಸುತ್ತಾರೆ. ಕೊನೆಕೊನೆಗೆ ಪುಡಿಯ ತಡೆ ಕುಗ್ಗಿ ಧಾರೆ ಓಡತೊಡಗುತ್ತದೆ, ಆಗ 5ಕ್ಕೆ ಇಳಿಸುತ್ತಾರೆ. 45 ಗ್ರಾಂ ಕಾಫಿ ಇಳಿದಾಗ ನಿಲ್ಲಿಸುತ್ತಾರೆ. ಇನ್ನೂ ಹುಳಿಯೇ ಮುಂದಾದರೆ, ಮುಂದಿನ ಶಾಟ್‌ನಲ್ಲಿ ನೆನೆಸುವ ಹೊತ್ತನ್ನು ಐದು ಸೆಕೆಂಡು ಹೆಚ್ಚಿಸಿ ನೋಡುತ್ತಾರೆ.